ಶರಣ್ರಿ, ಟವರ್ ಬಂತು

ನಮ್ಮ ಕಡೆ ನಮಸ್ಕಾರ ಒಬ್ಬರಿಂದ ಆಗುವ ಕೆಲಸವಲ್ಲ. ರೋಣದ ಬಸ್‌ಸ್ಟ್ಯಾಂಡಿರಲಿ, ನರಗುಂದದ ಸಂತೆಯಿರಲಿ, ಗಜೇಂದ್ರಗಡದ ಚಹಾದಂಗಡಿಯಿರಲಿ, ಒಬ್ಬರು "ಶರಣ್ರಿ" ಅಂದರೆ ಎದುರಿನಿಂದ "ಶರಣ್ರೀ ಶರಣು" ಬರಲೇಬೇಕು. "ಆರಾಮೇನ್ರಿ?" ಅಂದರೆ "ಆರಾಮ್ರಿ, ನೀವು?" ಆಗಬೇಕು. ಆಮೇಲೆ ಮನೆಮಂದಿ, ಊಟ, ಕಡೆಗೆ "ಮಳಿ ಹ್ಯಾಂಗ್ರಿ ನಿಮ್ಮ ಕಡೆ?" ಇಷ್ಟೂ ಮುಗಿಯದೆ ಯಾರೂ ವಿಷಯಕ್ಕೆ ಬರುವುದಿಲ್ಲ. ಸಾಲ ಕೇಳಲು ಬಂದವನೂ ಮೊದಲು ಮಳೆ ಕೇಳುತ್ತಾನೆ, ವಸೂಲಿಗೆ ಬಂದವನೂ ಮಳೆಯನ್ನೇ ಕೇಳುತ್ತಾನೆ. ಇಬ್ಬರು ಸೇರಿ ಮಾಡುವ ಇಂಥ ನಮಸ್ಕಾರವನ್ನು ಒಬ್ಬರೇ ನಿಂತು ವಾಯ್ಸ್ ಮೆಸೇಜಿನಲ್ಲಿ ಕಳಿಸುವುದು ಹೇಗೆ? ನಮ್ಮ ಕಾಕಾ ಇದಕ್ಕೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ನಾನು ಮಾತಾಡುವ ಜಾಗವನ್ನು ನನಗೇ ಬಿಟ್ಟು, ತಮ್ಮ ಪಾಲನ್ನು ತಾವು ಮಾತಾಡಿದರು.

ಕಾಕಾನ ಹೊಲ ರೋಣ ತಾಲ್ಲೂಕಿನಲ್ಲಿ, ಬೆಣ್ಣೆಹಳ್ಳದ ಕಡೆ. ಕಣ್ಣು ಹಾಯಿಸಿದಷ್ಟೂ ಸಪಾಟಾದ ಎರಿಭೂಮಿ. ಅಡ್ಡ ಬರಲು ಗುಡ್ಡವಿಲ್ಲದ್ದರಿಂದ ದೂರದ ಟವರಿನ ಸಿಗ್ನಲ್ಲೂ ತಕ್ಕಮಟ್ಟಿಗೆ ಬಂದು ಮುಟ್ಟುತ್ತದೆ. ಹಳ್ಳದ ತಗ್ಗಿಗೆ ಇಳಿದಿರೋ, ಹೋಯಿತು. ಗಜೇಂದ್ರಗಡದ ಕಡೆಯ ಬೀಗರದು ಇದರ ಉಲ್ಟಾ ಪಂಚಾಯ್ತಿ: ಅಲ್ಲಿ ಗುಡ್ಡದ ಮೇಲೆ ಹತ್ತಿದವರಿಗೆ ಜಗತ್ತೇ ಸಿಗುತ್ತದೆ, ಗುಡ್ಡದ ಮರೆಯಲ್ಲಿ ನಿಂತವರಿಗೆ ಪಕ್ಕದ ಊರೂ ಸಿಗುವುದಿಲ್ಲ. ಕಾಕಾನ ಹೊಲದಲ್ಲಿ ಸಿಗ್ನಲ್ ಬೀಳುವ ಜಾಗವೆಂದರೆ ಮೇಲಿನ ಬದುವಿನ ಬನ್ನಿಗಿಡದ ಬುಡ, ಅದೂ ಒಂದೋ ಎರಡೋ ಕಡ್ಡಿ. ಅಷ್ಟರಲ್ಲಿ ಕಾಲ್ ಹತ್ತಿದರೂ "ಹಲೋ, ಕೇಳಸಾಕತ್ತೈತೇನು?" ಅನ್ನುವುದರಲ್ಲೇ ಅರ್ಧ ಆಯುಷ್ಯ ಕಳೆದು, ಉಳಿದರ್ಧ "ಈಗ?" ಅನ್ನುವುದರಲ್ಲಿ ಮುಗಿಯುತ್ತಿತ್ತು.

2018ರಲ್ಲಿ ಕೆಲವು ಬಟನ್ ಫೋನುಗಳಿಗೂ ವಾಟ್ಸ್‌ಆ್ಯಪ್ ಬಂತು. ಕಾಕಾ ಅಂಥದ್ದೊಂದನ್ನು ಕೊಂಡರು. ಕಾಲ್ ಅಂದರೆ ಮಾತು ಮುಗಿಯುವ ತನಕ ಸಿಗ್ನಲ್ ಎಡೆಬಿಡದೆ ಇರಬೇಕು. ವಾಯ್ಸ್ ಮೆಸೇಜಿಗೆ ಆ ಹಟವಿಲ್ಲ. ಮಾತು ಮೊದಲು ಫೋನಿನಲ್ಲೇ ಕೂತಿರುತ್ತದೆ. ಪಕ್ಕದಲ್ಲಿ ಸಣ್ಣ ಗಡಿಯಾರದ ಗುರುತು. ಸಿಗ್ನಲ್ ಸಿಕ್ಕಾಗ ಹೊರಟು ಕಂಪನಿಯ ಸರ್ವರ್ ಸೇರಿದರೆ ಒಂದು ರೈಟು, ನನ್ನ ಫೋನಿಗೆ ಬಿದ್ದರೆ ಎರಡು. ಅರ್ಧ ನಿಮಿಷದ ಮಾತು ನೂರು ಕೆಬಿಯೊಳಗೇ ಮುಗಿಯುವುದರಿಂದ ಬನ್ನಿಗಿಡದ ಬುಡದ ಒಂದು ಕಡ್ಡಿಯೂ ಅದನ್ನು ದಾಟಿಸುತ್ತಿತ್ತು. ಸಂಬಂಧಿಕರು ಬೆಳಗಾದರೆ ಕಳಿಸುವ ಗುಲಾಬಿ ಹೂವಿನ ಶುಭೋದಯ ಎಷ್ಟೋ ಸಲ ಅದಕ್ಕಿಂತ ಭಾರ.

ಕಾಕಾ ಈ ಯಂತ್ರವನ್ನು ಬಳಸಿದ ರೀತಿ ಮಾತ್ರ ಕಂಪನಿಯವರು ಎಣಿಸಿದ್ದಿರಲಾರದು. ಮೈಕಿನ ಗುರುತು ನೋಡಿ ಬಟನ್ ಒತ್ತುವುದು, ಒತ್ತಿದ ಕೂಡಲೇ ಫೋನನ್ನು ಕಿವಿಗೆ ಹಚ್ಚಿಕೊಳ್ಳುವುದು. ಕಿವಿಗೇಕೆ? ನಾನೇನಂತೀನೋ ಕೇಳಬೇಕಲ್ಲ! ರೆಕಾರ್ಡಿಂಗ್ ಶುರುವಾಗಲು ಒಂದು ಗಳಿಗೆ ಬೇಕು, ಕಾಕಾನ ನಾಲಿಗೆಗೆ ಆ ಗಳಿಗೆ ಬೇಡ. ಹಾಗಾಗಿ ಅವರ ಶರಣು ಎಂದೂ ಪೂರ್ತಿ ಬಂದದ್ದೇ ಇಲ್ಲ. "...ಣ್ರಿ" ಅಂತಲೇ ಶುರು. ದನಿಯೋ, ಮೂರು ಹೊಲದಾಚೆಯ ಆಳನ್ನು ಕೂಗುವ ದನಿ. ಬಯಲಗಾಳಿ ನೇರ ಮೈಕಿಗೆ ಹೊಡೆದರೆ ಬುರ್ರ್ ಎಂಬ ಸದ್ದಿನಲ್ಲಿ ಆ ದನಿಯೂ ಮುಳುಗುತ್ತಿತ್ತು. ಗಾಳಿಗೆ ಬೆನ್ನು ಕೊಟ್ಟು ನಿಲ್ಲು ಎಂದು ಹೇಳಿಕೊಟ್ಟಿದ್ದೆ. ಅದನ್ನು ತಪ್ಪದೆ ಪಾಲಿಸಿ ಬೆನ್ನು ಕೊಟ್ಟರು, ಆ ಕಡೆ ಸಿಗ್ನಲ್ ಹೋಯಿತು.

ಒಂದು ಎಳ್ಳ ಅಮಾವಾಸ್ಯೆಯ ಮೆಸೇಜು ನನ್ನಲ್ಲಿ ಇನ್ನೂ ಇದೆ. ಆ ದಿನ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುವುದು ರೂಢಿ. ನನಗೆ ಮೊದಲು ಬಂದದ್ದು ಇಷ್ಟು: "ಆತಪಾ, ಬ್ಯಾಟ್ರಿ ಮುಗ್ಯಾಕತ್ತೈತಿ. ಇಡ್ತೀನಿ." ಏನನ್ನು ಹೇಳಿ ಇಡುತ್ತಿದ್ದಾರೆ ಎಂದು ಯೋಚಿಸುವಷ್ಟರಲ್ಲಿ ಎರಡನೆಯದು ಬಿತ್ತು.

"...ಣ್ರಿ. ತಮ್ಮಾ, ಆರಾಮದಿಯೇನು?" ಇಲ್ಲಿ ಸುಮ್ಮನಾಗುತ್ತಾರೆ. ಗಾಳಿ, ಎತ್ತಿನ ಕೊರಳಗೆಜ್ಜೆ. "ಹಾಂ, ನಾವೂ ಆರಾಮ. ಸೊಸಿ, ಹುಡುಗ್ರು?" ಮತ್ತೆ ಗಾಳಿ. "ಛಲೋ ಆತು. ಊಟಾ?" ಈ ಸಲ ಬಿಟ್ಟ ಜಾಗ ಸ್ವಲ್ಪ ಉದ್ದ. ಆಮೇಲೆ ಗಾಬರಿಯ ದನಿ: "ಯಾಕ, ಇಷ್ಟೊತ್ತಾದ್ರೂ ಆಗಿಲ್ಲ?"

ನಾನು ಏನೂ ಅಂದಿರಲಿಲ್ಲ. ಆದರೂ ನಾನು ಉಂಡಿಲ್ಲವೆಂದು ಅಲ್ಲಿ ತೀರ್ಮಾನವಾಗಿತ್ತು. ಮುಂದಿನದು ವರದಿ: "ನಾವಿಲ್ಲೆ ಹೊಲದಾಗ ಅದೀವಿ. ಚರಗ ಚೆಲ್ಲಿದ್ವಿ. ಬಿಳಿಜ್ವಾಳ ತೆನಿ ಹಿರದೈತಿ, ಛಲೋ ಐತಿ. ಕಡ್ಲಿಗೆ ಕಾಯಿಕೊರಕ ಬಿದ್ದೈತಿ, ಎಣ್ಣಿ ಹೊಡಿಬೇಕು. ಬಿಸಿಲ ಭಾಳ ಐತಿ, ಬಾ, ನೆಳ್ಳಾಗ ಕುಂದ್ರು, ಸಜ್ಜಿರೊಟ್ಟಿ ಎಣಗಾಯಿ ಹಾಕಸ್ಕೋ."

ಇದು ನನಗೆ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ಫೋನಿನಲ್ಲಿ ತೋರಿಸುವುದು ಸರ್ವರಿಗೆ ಮೆಸೇಜು ಸೇರಿದ ಹೊತ್ತೇ ಹೊರತು ಕಾಕಾ ಬಾಯಿ ತೆರೆದ ಹೊತ್ತಲ್ಲ. ಹಗಲೆಲ್ಲ ಗಡಿಯಾರದ ಗುರುತು ಹೊತ್ತು ಕಾಕಾನ ಜೇಬಿನಲ್ಲಿ ಕೂತಿದ್ದ ಮಾತು ಅವರು ಊರು ಸೇರಿದ ಮೇಲೆ ಹೊರಟಿತ್ತು. ಸಣ್ಣದು ಮೊದಲು ದಾಟಿತು, ದೊಡ್ಡದು ಏದುಸಿರು ಬಿಡುತ್ತ ಹಿಂದೆ ಬಂತು. ಹೀಗಾಗಿ ಮುಕ್ತಾಯ ಮೊದಲು, ನಮಸ್ಕಾರ ಆಮೇಲೆ, ರಾತ್ರಿಯಲ್ಲಿ ಬಿಸಿಲು.

ಬೆಂಗಳೂರಿನ ಗೆಳೆಯರಿಗೆ ಕೇಳಿಸಿದರೆ "ಖಾಲಿ ಜಾಗ ಕತ್ತರಿಸಿದರೆ ಅರ್ಧಕ್ಕೆ ಇಳಿಯುತ್ತದೆ" ಅಂದರು. ಅವರು ವಾಯ್ಸ್ ಮೆಸೇಜನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳುವ ಜನ. ಆ ವೇಗದಲ್ಲಿ ಕಾಕಾ ಪ್ರಶ್ನೆ ಕೇಳಿ ನನಗೆ ಉಸಿರಾಡಲೂ ಬಿಡದೆ ಮುಂದೆ ಹೋಗುತ್ತಾರೆ. ಆ ಖಾಲಿ ಜಾಗ ನನ್ನದು, ಅದನ್ನು ಕತ್ತರಿಸುವ ಹಕ್ಕು ಗೆಳೆಯರಿಗಿಲ್ಲ.

ನಾನೂ ಅದೇ ಪದ್ಧತಿ ಹಿಡಿದೆ. ಅಭ್ಯಾಸಕ್ಕೆ ಒಂದು ಗಳಿಗೆ ಸುಮ್ಮನಿದ್ದು, "ಕಾಕಾ, ಶರಣ್ರಿ" ಎಂದು ಜಾಗ ಬಿಟ್ಟು, "ಎಲ್ಲಾರೂ ಆರಾಮ" ಎಂದು ಜಾಗ ಬಿಟ್ಟು, "ಊಟ ಆಗೇತಿ" ಎಂದು ಒತ್ತಿ ಹೇಳಿ ಕಳಿಸುತ್ತಿದ್ದೆ. ಊರಿಗೆ ಹೋದಾಗ ನೋಡಿದರೆ ಕಾಕಾ ನನ್ನ ಮೆಸೇಜು ಕೇಳುವುದು ಕಟ್ಟೆಯ ಮೇಲೆ, ಲೌಡಿಟ್ಟು. ಫೋನು "ಶರಣ್ರಿ" ಅಂದರೆ ಕಟ್ಟೆಯ ಹಿರಿಯರು ತಾವೂ "ಶರಣ್ರೀ ಶರಣು" ಅಂದರು. "ಮಳಿ ಹ್ಯಾಂಗ?" ಎಂದು ಫೋನಿನೊಳಗಿನ ನಾನು ಕೇಳಿದೆ, ನಾಲ್ಕು ಮಂದಿ ನಾಲ್ಕು ಥರ ಉತ್ತರ ಕೊಟ್ಟರು. ಅಷ್ಟರಲ್ಲಿ ಫೋನು ಮುಂದಿನ ಮಾತಿಗೆ ಹೋಯಿತು. "ಹೇಳೂದ ಕೇಳವಲ್ಲ ನಿಮ್ಮ ಹುಡುಗ" ಎಂದು ಒಬ್ಬ ಅಜ್ಜ ಬೇಜಾರಾದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ಅಂಥ ಬಟನ್ ಫೋನುಗಳಿಗೆ ಹೊಸದಾಗಿ ವಾಟ್ಸ್‌ಆ್ಯಪ್ ಹಾಕಿಕೊಳ್ಳುವುದು 2024ರಲ್ಲಿ ನಿಂತಿತು. 2025ರಲ್ಲಿ, ಮೊದಲೇ ಹಾಕಿಕೊಂಡವರದೂ ಬಂದ್ ಆಯಿತು. ಮುಟ್ಟಿದರೆ ಓಡುವ ಫೋನು ಕಾಕಾಗೆ ಬೇಡ, ಮಣ್ಣಾದ ಬೆರಳಿಗೆ ಅದು ಜಗ್ಗುವುದಿಲ್ಲವಂತೆ. ಈಗ ಬನ್ನಿಗಿಡದ ಬುಡದಿಂದ ಮಿಸ್ಡ್ ಕಾಲ್ ಬರುತ್ತದೆ. ನಾನು ತಿರುಗಿ ಮಾಡುವಷ್ಟರಲ್ಲಿ ಅವರು ಹಳ್ಳದ ಕಡೆ ಇಳಿದಿರುತ್ತಾರೆ. ನಿಮ್ಮ ಫೋನಿನಲ್ಲೂ ಇಂಥ ಕಾಕಾನದೋ ಮಾಮಾನದೋ ದನಿ ಉಳಿದಿದ್ದರೆ, ಹೊಸ ಫೋನು ಕೊಳ್ಳುವ ಮುಂಚೆ ಬೇರೆ ಕಡೆ ಒಂದು ಪ್ರತಿ ಎತ್ತಿಟ್ಟುಕೊಳ್ಳಿ. ನಡುವಿನ ಖಾಲಿ ಜಾಗ ಮಾತ್ರ ಕತ್ತರಿಸಬೇಡಿ.