ತಕ್ಕಡಿಯ ಪಕ್ಕದ ಫೋನು

ಷೇರುಪೇಟೆ ಬೆಳಿಗ್ಗೆ 9.15ಕ್ಕೆ ಬಾಗಿಲು ತೆರೆದು ಮಧ್ಯಾಹ್ನ 3.30ಕ್ಕೆ ಮುಚ್ಚುತ್ತದೆ. ಲೆಕ್ಕ ಹಾಕಿದರೆ 375 ನಿಮಿಷ. ನಿಟ್ಟೆಯ ದಿನಸಿ ಅಂಗಡಿಯಲ್ಲಿ ಗಿರಾಕಿಗಳಿರುವುದೂ ಇದೇ ಹೊತ್ತಿನಲ್ಲಿ. ಈ ಎರಡು ವ್ಯವಹಾರಗಳು ಒಂದೇ ಗಲ್ಲಾಪೆಟ್ಟಿಗೆಯ ಮೇಲೆ, ಒಂದೇ ಮನುಷ್ಯನ ಕಣ್ಣಮುಂದೆ ಕೂತರೆ ಏನಾಗುತ್ತದೆ ಎಂಬುದು ಇಲ್ಲಿಯ ವಿಷಯ.

ಹಿಂದಿನ ತಲೆಮಾರಿನ ಅಂಗಡಿಯವರಿಗೆ ಈ ಉಪದ್ರ ಇರಲಿಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಏಜೆಂಟರು ಅಂಗಡಿಗೇ ಬಂದು ದಿನದ ಚಿಲ್ಲರೆ ಒಯ್ಯುತ್ತಿದ್ದರು. ಹಣ ದಿನಾ ಹೋಗುತ್ತಿತ್ತು, ಅದರ ಸುದ್ದಿ ಮಾತ್ರ ದಿನಾ ಬರುತ್ತಿರಲಿಲ್ಲ. ಅಂಗಡಿಯವರು ನಿದ್ದೆ ಮಾಡುತ್ತಿದ್ದರು.

ಈಗಿನ ಧಣಿಗಳ ಫೋನಿಗೆ ಷೇರಿನ ಆ್ಯಪ್ ಬಂದದ್ದು ಕಾಲೇಜಿನ ಹುಡುಗರ ಕೃಪೆಯಿಂದ. ಚಹಾ ಬಾಕಿ ಇಟ್ಟು ಹೋಗುವ ಹುಡುಗರು ಕೋಟಿ ಮಾಡುವ ದಾರಿಯನ್ನು ಪುಕ್ಕಟೆ ಹೇಳಿಕೊಡುತ್ತಾರೆ, ಬಾಕಿಯ ಮಾತು ಎತ್ತಿದರೆ ಬಸ್ಸು ಬಂತು ಎನ್ನುತ್ತಾರೆ. ಆದರೂ ಧಣಿಗಳು ಕೊಂಡದ್ದು ಕೆಟ್ಟದ್ದನ್ನಲ್ಲ. ನಿಫ್ಟಿಯ 50 ಕಂಪನಿಗಳನ್ನು ಒಟ್ಟಾಗಿ ಹಿಂಬಾಲಿಸುವ ಇಟಿಎಫ್, ಒಂದು ಲಕ್ಷ ರೂಪಾಯಿಯದು. ಎರಡನೇ ಕ್ಲಾಸಿನ ಮಗಳು ಕಾಲೇಜು ಸೇರುವಾಗ ತೆಗೆಯಬೇಕಾದ ಹಣ ಅದು. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಆ ಹಣವನ್ನು ಅವರು ಹತ್ತು ನಿಮಿಷಕ್ಕೊಮ್ಮೆ ಮುಟ್ಟಿ ನೋಡತೊಡಗಿದರು.

2024ರ ಜೂನ್ 4, ಲೋಕಸಭೆಯ ಮತ ಎಣಿಕೆಯ ದಿನ. ಅತ್ತೂರಿನ ಕಡೆಯ ಬಾಯಮ್ಮನೊಬ್ಬರು ಬಂದು ಕಾಲು ಕಿಲೋ ಸಕ್ಕರೆ ಕೇಳಿದರು. ಎಡಕ್ಕೆ ಫೋನು, ಬಲಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ, ಎರಡರಲ್ಲೂ ಮಿನುಗುವ ಅಂಕಿಗಳು. ಅಂಕಿ ಕಡಿಮೆ ತೋರಿಸಿದರೆ ಇನ್ನಷ್ಟು ಹಾಕಬೇಕು ಎಂಬುದು ಅಂಗಡಿಯವರ ಕೈಗೆ ವರ್ಷಗಟ್ಟಲೆಯಿಂದ ಹತ್ತಿದ ಅಭ್ಯಾಸ. ಅದಕ್ಕೆ ತಲೆಯ ಅಪ್ಪಣೆ ಬೇಕಿಲ್ಲ. ಫೋನಿನಲ್ಲಿ ಅಂಕಿ ಇಳಿಯಿತು, ಕೈ ಒಂದು ಸೌಟು ಸಕ್ಕರೆ ಹಾಕಿತು. ಮತ್ತೆ ಇಳಿಯಿತು, ಮತ್ತೊಂದು ಸೌಟು. ಒಮ್ಮೆ ನಾಲ್ಕು ಪೈಸೆ ಏರಿದಾಗ ಕೈ ಎರಡು ಚಿಟಿಕೆ ವಾಪಸು ತೆಗೆದದ್ದೂ ಉಂಟು. ಧಣಿಗಳು ಲೆಕ್ಕದಲ್ಲಿ ಪ್ರಾಮಾಣಿಕರು. ಆಮೇಲೆ ಪೇಟೆ ನಿಜವಾಗಿ ಕುಸಿಯಿತು. ಕೈಯೂ ಬಿಡಲಿಲ್ಲ. ತಟ್ಟೆಯಲ್ಲಿ ಸಕ್ಕರೆ ಗುಡ್ಡೆಯಾಯಿತು, ಗುಡ್ಡೆ ಜರಿದು ತಟ್ಟೆಯ ಅಂಚಿಗೆ ಬಂತು, ಅಂಚಿನಿಂದ ಗಲ್ಲಾಪೆಟ್ಟಿಗೆಯ ಸಂದಿಗೆ ಇಳಿಯಿತು. ಇರುವೆಗಳಿಗೆ ಸುದ್ದಿ ತಲುಪಿತು. ನಿಫ್ಟಿಯನ್ನು ಸಕ್ಕರೆ ಹಾಕಿ ಎತ್ತಿ ನಿಲ್ಲಿಸಲು ಹೊರಟ ಮೊದಲ ಮನುಷ್ಯ ಬಹುಶಃ ಇವರೇ.

ಬಾಯಮ್ಮ ಸುಮಾರು ಹೊತ್ತು ಸುಮ್ಮನೆ ನೋಡಿದರು. ಲಾಭ ತನ್ನ ಕಡೆಗೇ ಇದ್ದುದರಿಂದ ಅವಸರವಿರಲಿಲ್ಲ. ಕೊನೆಗೆ, "ಧಣಿಗಳೇ, ಕಾಲು ಕಿಲೋ ಹೇಳಿದ್ದು ನಾನು. ಮನೆಯಲ್ಲಿ ಮದುವೆ ಎಂತದೂ ಇಲ್ಲ" ಎಂದರು. ಧಣಿಗಳು ಬೆಚ್ಚಿ ತಕ್ಕಡಿ ನೋಡಿದರೆ ಒಂದೂವರೆ ಕಿಲೋದ ಆಚೆಗೆ ಅಂಕಿ ಕುಣಿಯುತ್ತಿತ್ತು. "ಇದು ಸರಿ ನಿಲ್ಲುವುದಿಲ್ಲ ಇವತ್ತು" ಎಂದು ಗೊಣಗಿದರು. "ಆ ಫ್ಯಾನು ಬಂದ್ ಮಾಡಿ ಮಾರಾಯ್ರೆ, ನಿಲ್ಲುತ್ತದೆ" ಎಂದರು ಬಾಯಮ್ಮ.

ಫ್ಯಾನಿನ ಗಾಳಿ ತಟ್ಟೆಗೆ ಬಡಿದರೆ ತಕ್ಕಡಿಯ ಕೊನೆಯ ಅಂಕಿ ಐದೈದು ಗ್ರಾಂ ಹಿಂದೆಮುಂದೆ ಆಡುತ್ತದೆ. ಸಕ್ಕರೆ ಹೆಚ್ಚೂ ಆಗಿರುವುದಿಲ್ಲ, ಕಡಿಮೆಯೂ ಆಗಿರುವುದಿಲ್ಲ. ಇದು ಗೊತ್ತಿದ್ದ ಅಂಗಡಿಯವನು ಅಂಕಿ ನಿಲ್ಲುವವರೆಗೆ ಕಾಯುತ್ತಾನೆ. ಷೇರಿನ ದರಕ್ಕೂ ಇಂಥ ಗಾಳಿ ಉಂಟು, ಅದನ್ನು ಅಳೆಯಲೂ ಬರುತ್ತದೆ. ಸೂಚ್ಯಂಕ ವರ್ಷಕ್ಕೆ ಸರಾಸರಿ ಶೇ. 12 ಬೆಳೆಯುತ್ತದೆ ಎಂದೇ ಇಟ್ಟುಕೊಳ್ಳೋಣ, ಖಾತರಿಯೇನೂ ಇಲ್ಲ. ಪೇಟೆ ತೆರೆದಿರುವುದು ವರ್ಷಕ್ಕೆ ಸುಮಾರು 250 ದಿನ. ಒಂದು ಲಕ್ಷಕ್ಕೆ ದಿನದ ಬೆಳವಣಿಗೆ 48 ರೂಪಾಯಿ ಆಯಿತು. ಸಾಮಾನ್ಯ ದಿನದ ಏರಿಳಿತವೇ ಸಾವಿರ ರೂಪಾಯಿಯ ಹತ್ತಿರ ಇರಬಹುದು. ಸಾವಿರದ ಗಾಳಿಯಲ್ಲಿ 48 ಕಾಣುವುದಿಲ್ಲ. ಇದೇ ಲೆಕ್ಕ ಮುಂದುವರಿಸಿದರೆ, ದಿನಕ್ಕೊಮ್ಮೆ ನೋಡುವವನಿಗೆ ಏರಿಕೆ ಕಾಣುವ ಸಂಭವ ನೂರಕ್ಕೆ 52, ವರ್ಷಕ್ಕೊಮ್ಮೆ ನೋಡುವವನಿಗೆ 77ರ ಹತ್ತಿರ. ಹಣ ಒಂದೇ, ನೋಡುವ ಅಂತರ ಬೇರೆ.

ಇದರ ಮೇಲೆ ಮನಸ್ಸಿನ ತೂಕವೂ ಸಮ ಇಲ್ಲ. ನೂರು ರೂಪಾಯಿ ಕಳೆದ ನೋವು ನೂರು ಸಿಕ್ಕ ಸಂತೋಷಕ್ಕಿಂತ ದೊಡ್ಡದು ಎಂದು ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ ಬರೆದರು; ಮುಂದಿನ ಅಳತೆಗಳಲ್ಲಿ ಅದು ಸುಮಾರು ಎರಡರಷ್ಟು ಎಂದಾಯಿತು. ದಿನಾ ನೋಡುವವನಿಗೆ ಏರಿದ ದಿನ, ಇಳಿದ ದಿನ ಸರಿಸುಮಾರು ಸಮ. ನೋವು ಮಾತ್ರ ದುಪ್ಪಟ್ಟು. ಲಾಭದಲ್ಲಿದ್ದೂ ಮುಖ ಬಾಡಿಸಿಕೊಂಡು ಕೂರುವ ಏಕೈಕ ವ್ಯಾಪಾರ ಇದು.

ಆ ಜೂನ್ ವಾರವನ್ನೇ ತೆಗೆದುಕೊಳ್ಳಬಹುದು. 3ರ ಸಂಜೆ ನಿಫ್ಟಿ ಸುಮಾರು 23,264ರಲ್ಲಿತ್ತು. ಆಗ ಒಂದು ಲಕ್ಷವಿದ್ದ ಹಣ 4ರಂದು ಸಕ್ಕರೆ ಬೀಳುತ್ತಿದ್ದ ದಿನದ ತಳದಲ್ಲಿ 91,500ರ ಹತ್ತಿರ ಬಂತು. ಅಂದು ಸಂಜೆ 94,000, ಮರುದಿನ 97,200, 7ರ ಶುಕ್ರವಾರ ಒಂದು ಲಕ್ಷದ ಮೇಲೆ ಚಿಲ್ಲರೆ. ವಾರಕ್ಕೊಮ್ಮೆ ನೋಡುವವನಿಗೆ ಏನೂ ನಡೆದಿರಲಿಲ್ಲ. ನಿಮಿಷಕ್ಕೊಮ್ಮೆ ನೋಡಿದ ಧಣಿಗಳಿಗೆ ಒಂದೂವರೆ ಕಿಲೋ ಸಕ್ಕರೆ ಇರುವೆಪಾಲು.

ಮುಂದಿನ ಕಲಿಕೆ ಒಂದೇ ದಿನಕ್ಕೆ ಆಗಲಿಲ್ಲ. ಮೊದಲು ದರದ ಸೂಚನೆಗಳು ಬಂದ್ ಆದವು. ನಂತರ ಹೊಸ ಹಣ ಇಟಿಎಫ್ ಬಿಟ್ಟು ಅದೇ ಸೂಚ್ಯಂಕದ ಸಾಮಾನ್ಯ ಫಂಡಿಗೆ, ತಿಂಗಳ 10ರಂದು ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಆಯಿತು. ಇದು ಚಿಕ್ಕ ಬದಲಾವಣೆ ಅಲ್ಲ: ಇಟಿಎಫ್‌ನ ದರ ಪೇಟೆಯಲ್ಲಿ ಕ್ಷಣಕ್ಷಣಕ್ಕೂ ಮಿನುಗುತ್ತದೆ, ಫಂಡಿನ ಎನ್ಎವಿ ದಿನಕ್ಕೆ ಒಮ್ಮೆ, ಅದೂ ಪೇಟೆ ಮುಚ್ಚಿದ ಮೇಲೆ ಬರುತ್ತದೆ. ವರ್ಷದ ಲೆಕ್ಕಕ್ಕೆ ದೀಪಾವಳಿಯ ಅಂಗಡಿ ಪೂಜೆಯ ದಿನ ಗೊತ್ತಾಯಿತು. ಅಂದೂ ನೋಡುವುದು ಲಾಭವನ್ನಲ್ಲ. ಕಂತು ಎಲ್ಲ ಹೋಗಿದೆಯೇ, ನಾಮಿನಿ ಹೆಸರು ಸರಿ ಇದೆಯೇ, ಉಳಿತಾಯದಲ್ಲಿ ಷೇರಿನ ಪಾಲು ಮೊದಲೇ ಗೊತ್ತುಮಾಡಿದ ಶೇ. 60ರಿಂದ 70ಕ್ಕೆ ಏರಿದೆಯೇ ಎಂದು. ಏರಿದ್ದರೆ ಹೆಚ್ಚಿನದನ್ನು ಮಾರಿ ಠೇವಣಿಗೆ ಹಾಕುವುದು.

ಕಾಣದಂತೆ ಇರುವುದು ಎಲ್ಲದಕ್ಕೂ ಒಗ್ಗುವುದಿಲ್ಲ, ಇಲ್ಲಿ ತಮಾಷೆಗೆ ಜಾಗವಿಲ್ಲ. 50 ಕಂಪನಿಗಳ ಸೂಚ್ಯಂಕದಲ್ಲಿ ಒಂದು ಹಾಳಾದರೆ ಬೇರೊಂದು ಆ ಜಾಗಕ್ಕೆ ಬರುತ್ತದೆ. ಒಂದೇ ಕಂಪನಿಯ ಷೇರು ಇಟ್ಟವನಿಗೆ ಆ ಅನುಕೂಲ ಇಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದಾಗ 1,000 ಷೇರಿಗೆ ಕೊಟ್ಟದ್ದು ಕೆನರಾದ 158 ಷೇರು. ಅಂಥವರು ದರ ಬಿಟ್ಟರೂ ವರ್ಷದ ಫಲಿತಾಂಶ ಓದಲೇಬೇಕು. ಎರಡು ಮೂರು ವರ್ಷದೊಳಗೆ ಬೇಕಾಗುವ ಹಣವನ್ನು ಈ ಕಡೆಗೆ ತರಲೇಬಾರದು. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಶೇ. 13ರಷ್ಟು ಬಿದ್ದಿತ್ತು. ಫ್ಯೂಚರ್ಸ್, ಆಪ್ಷನ್ಸ್ ಅಂತೂ ಬೇಡ: ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ಆಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರೆಂದು ಸೆಬಿ 2024ರಲ್ಲಿ ಹೇಳಿದೆ. ಚಹಾ ಬಾಕಿಯ ಹುಡುಗರು ಹೇಳಿಕೊಡುವುದು ಇದನ್ನೇ.

ತೆಂಗಿನೆಣ್ಣೆಯ ದರವನ್ನು ಮಾತ್ರ ಧಣಿಗಳು ಈಗಲೂ ದಿನಾ ಬೆಳಿಗ್ಗೆ ಫೋನಿನಲ್ಲಿ ನೋಡುತ್ತಾರೆ. ಅಂಗಡಿಯ ಎಣ್ಣೆ ವಾರದೊಳಗೆ ಮುಗಿಯುತ್ತದೆ, ಹಳೆಯ ದರಕ್ಕೆ ಮಾರಿ ಹೊಸ ದರಕ್ಕೆ ತಂದರೆ ನಷ್ಟ ಅವರದ್ದೇ.