ನಮ್ಮ ಬಡಾವಣೆಯ ಖಜಾಂಚಿಗಳು

ಬೆಂಗಳೂರಿನ ಯಾವ ಬಡಾವಣೆಯಲ್ಲೇ ಆಗಲಿ, ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘವೆಂಬುದೊಂದು ಸ್ಥಾಪಿತವಾದ ಮೇಲೆ, ಅದಕ್ಕೆ ಅಧ್ಯಕ್ಷರು ಸ್ವಂತ ಉತ್ಸಾಹದಿಂದಲೂ ಕಾರ್ಯದರ್ಶಿಗಳು ಪರರ ಒತ್ತಾಯದಿಂದಲೂ ದೊರಕುವರಾದರೆ, ಖಜಾಂಚಿಗಳು ಮಾತ್ರ ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾಗಿ, ಮನೆಯ ಹಾಲಿನ ಲೆಕ್ಕವನ್ನು ಬಿಟ್ಟರೆ ಪರಿಶೋಧಿಸುವುದಕ್ಕೆ ಬೇರೇನೂ ಇಲ್ಲದೆ ಕುಳಿತಿರುವ ಮಹನೀಯರೊಬ್ಬರೇ ಆಗಿರತಕ್ಕದ್ದೆಂಬುದು ಅಲಿಖಿತ ನಿಯಮ. ನಮ್ಮವರೂ ಅಂಥವರೇ. ಅರ್ಧತೋಳಿನ ಬಿಳಿಯ ಷರಟು, ಜೇಬಿನಲ್ಲಿ ನೀಲಿಯದೊಂದು ಕೆಂಪಿನದೊಂದು ಲೇಖನಿ, ಕಂಕುಳಲ್ಲಿ ರಟ್ಟಿನ ಫೈಲು. ಎದುರಿಗೆ ಬಂದವರಿಗೆ ಕೈಮುಗಿಯುವುದಕ್ಕೆ ಮುಂಚೆ ಅವರ ಚಂದಾ ಸಂದಾಯವಾಗಿದೆಯೋ ಇಲ್ಲವೋ ಎಂಬುದನ್ನು ಸ್ಮರಿಸಿಕೊಂಡು, ನಮಸ್ಕಾರದ ಪ್ರಮಾಣವನ್ನು ತದನುಸಾರವಾಗಿ ನಿರ್ಧರಿಸುವ ಸ್ವಭಾವ.

ರಾಜ್ಯೋತ್ಸವದ ಸಾಂಸ್ಕೃತಿಕ ಸಂಜೆಗೆಂದು ಸಭೆ ಸೇರಿದಾಗ, ಕಾರ್ಯದರ್ಶಿಗಳು ಒಂದು ಆಯವ್ಯಯ ಪಟ್ಟಿಯನ್ನು ಸಿದ್ಧಪಡಿಸಿಕೊಂಡೇ ಬಂದಿದ್ದರು. ಅದರ ರಚನಾಕ್ರಮ ಬಹು ಸರಳವಾದುದು. ಚಲನಚಿತ್ರದ ಗಾಯಕರೊಬ್ಬರನ್ನು ಕರೆಸಬೇಕೆಂಬ ಆಸೆಯಿಂದ ಖರ್ಚನ್ನು ಮೊದಲು 3,00,000 ರೂಪಾಯಿಯೆಂದು ನಿಶ್ಚಯಿಸಿ, 240 ಮನೆಗಳಿಂದ ಮನೆಗೆ 500ರಂತೆ ಬರುವ 1,20,000ವನ್ನು ಅದರಲ್ಲಿ ಕಳೆದು, ಉಳಿದ 1,80,000ದ ಮುಂದೆ ‘ಪ್ರಾಯೋಜಕರಿಂದ’ ಎಂದು ಬರೆದಿದ್ದರು. ಆ ಮೊತ್ತಕ್ಕೆ ಸರಿಹೊಂದುವಂತೆ ಪ್ರಾಯೋಜಕರನ್ನು ಆಮೇಲೆ ಹುಡುಕಲಾಗಿತ್ತು: ಚಿನ್ನದಂಗಡಿಯವರು 50,000, ನರ್ಸಿಂಗ್ ಹೋಮಿನವರು 30,000, ಕಟ್ಟಡದ ಉದ್ಯಮಿಯೊಬ್ಬರು 75,000, ಸಿಹಿತಿಂಡಿ ಅಂಗಡಿಯವರು 25,000. ಎರಡು ಕಡೆಯ ಮೊತ್ತವೂ ಒಂದೇ ಆಗಿರುವುದನ್ನು ಕಂಡು ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಖಜಾಂಚಿಗಳು ಕೆಂಪು ಲೇಖನಿಯ ಮುಚ್ಚಳ ತೆಗೆದರು.

“ಜಮಾ ಖರ್ಚು ಇಷ್ಟು ಚೆನ್ನಾಗಿ ಸರಿಹೋದರೆ ನನಗೆ ಅನುಮಾನ ಬರುತ್ತೆ, ಸ್ವಾಮಿ. ಚಿನ್ನದಂಗಡಿಯವರು ಏನಂದರು?”

“ಕಾಗದ ಕೊಟ್ಟಿದ್ದಾರೆ ಸಾರ್. ಅರ್ಧ ಮುಂಗಡ, ಅರ್ಧ ಕಾರ್ಯಕ್ರಮ ಆದಮೇಲೆ.”

“ನರ್ಸಿಂಗ್ ಹೋಮು?”

“ಡಾಕ್ಟರು ಬಾಯಲ್ಲಿ ಒಪ್ಪಿದ್ದಾರೆ.”

“ಕಟ್ಟಡದವರು?”

“‘ನೋಡೋಣ’ ಅಂದಿದ್ದಾರೆ ಸಾರ್. ನಗುತ್ತಾನೇ ಅಂದರು.”

ಖಜಾಂಚಿಗಳ ಶಾಸ್ತ್ರದಲ್ಲಿ ಪ್ರಾಯೋಜಕರ ಮಾತಿಗೆ ಮೂರು ವರ್ಣಗಳುಂಟು. ಕಾಗದದಲ್ಲಿ ಬಂದದ್ದು ಪೂರ್ತಿ ಜಮಾ, ಬಾಯಿಮಾತಿನದು ಅರ್ಧ, ‘ನೋಡೋಣ’ ಎಂಬುದು, ಎಷ್ಟೇ ಮಂದಹಾಸದಿಂದ ಕೂಡಿದ್ದರೂ, ಸೊನ್ನೆ. ಇನ್ನು ಸಿಹಿತಿಂಡಿಯವರ 25,000 ಹಣವೇ ಅಲ್ಲ, ಲಾಡು. ಅದನ್ನು ಜಮಾ ಕಡೆ ಬರೆಯಬೇಕಾದರೆ ಖರ್ಚಿನ ಕಡೆಯೂ ಅಷ್ಟನ್ನೇ ಬರೆಯತಕ್ಕದ್ದು, ಇಲ್ಲವಾದರೆ ಷಾಮಿಯಾನದವನಿಗೆ ಲಾಡಿನಲ್ಲಿ ಬಾಡಿಗೆ ಸಲ್ಲಿಸಬೇಕಾಗುವುದೆಂದು ಹೇಳಿ, ಅದನ್ನು ಎರಡೂ ಕಡೆಯಿಂದ ಹೊಡೆದುಹಾಕಿದರು. ಹೀಗೆ 1,80,000ದ ಪ್ರಾಯೋಜನೆಯು ನಮ್ಮ ಕಣ್ಣೆದುರಿಗೇ 65,000ಕ್ಕೆ ಇಳಿಯಿತು. ಚಂದಾ ವಿಷಯದಲ್ಲಿಯೂ, ಹಿಂದಿನ ವರ್ಷಗಳ ರಸೀದಿ ಪುಸ್ತಕಗಳನ್ನು ಬಿಚ್ಚಿ ತೋರಿಸಿ, ನೂರಕ್ಕೆ ಎಪ್ಪತ್ತು ಮನೆಗಳಿಗಿಂತ ಹೆಚ್ಚು ಬಾಗಿಲು ತೆರೆದ ದಾಖಲೆಯಿಲ್ಲವೆಂದು 84,000ವನ್ನು ಮಾತ್ರ ಹಿಡಿದರು. ಒಟ್ಟು ಜಮಾ 1,49,000. ಗಾಯಕರ ಹೆಸರು ಸಭೆಯಲ್ಲಿ ಮತ್ತೆ ಕೇಳಿಬರಲಿಲ್ಲ.

ಷಾಮಿಯಾನ, ಧ್ವನಿ-ಬೆಳಕು, ಜನರೇಟರು, ಸ್ಥಳೀಯ ಕಲಾವಿದರ ಸಂಭಾವನೆ, ಉಪಾಹಾರ, ಹಾರ ಶಾಲು ಪೇಟ ಇವೆಲ್ಲವನ್ನೂ ದರಪಟ್ಟಿಗಳಿಂದಲೇ ಕೂಡಿಸಲಾಗಿ 1,36,000 ಆಯಿತು. ಅದರ ಮೇಲೆ ಶೇಕಡಾ 10ರಂತೆ ‘ಸಾದಿಲ್ವಾರು’ ಎಂದು 13,600ನ್ನು ಬರೆದಾಗ ಕಾರ್ಯದರ್ಶಿಗಳ ಮುಖವರಳಿತು. “ಮಳೆ ಬಂದರೆ ಅದರಲ್ಲಿ ತೆಗೆದುಕೊಳ್ಳೋಣ ಸಾರ್, ಈಗ ತಗಡಿನ ಚಪ್ಪರ ಯಾಕೆ, ಬಟ್ಟೆಯದೇ ಸಾಕು.”

ಇಲ್ಲಿ ಖಜಾಂಚಿಗಳು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. ಅದು ಅವರಿಗೆ ಕೋಪ ಬಂದುದರ ಲಕ್ಷಣ. ಬೆಂಗಳೂರಿನಲ್ಲಿ ನವೆಂಬರ್ ಮೊದಲ ವಾರ ಹಿಂಗಾರು ಮಳೆಯ ಕಾಲವೆಂಬುದು ಎಲ್ಲರೂ ಬಲ್ಲ ಸಂಗತಿಯಾಗಿರುವಲ್ಲಿ, ಬಲ್ಲದ್ದನ್ನು ಆಕಸ್ಮಿಕವೆಂದು ಕರೆಯುವುದು ಹೇಗೆ? ಬರುವುದು ಗೊತ್ತಿದ್ದು ದರ ಮಾತ್ರ ಗೊತ್ತಿಲ್ಲದ ಖರ್ಚು ಅಂದಾಜಿನೊಳಗೇ ಇರತಕ್ಕದ್ದು. ಯಾರ ಊಹೆಗೂ ಬಾರದೆ ಬಂದೆರಗುವುದಕ್ಕೆ ಮಾತ್ರ ಸಾದಿಲ್ವಾರು. ಅದನ್ನು ಮುಟ್ಟಬೇಕಾದರೆ ಇಬ್ಬರ ರುಜು. ತಗಡಿನ ಚಪ್ಪರ ಅಂದಾಜಿನಲ್ಲೇ ನಿಂತಿತು.

ಈಗ ಒಟ್ಟು ಖರ್ಚು 1,49,600, ಜಮಾಕ್ಕಿಂತ 600 ಹೆಚ್ಚು. ಆರುನೂರು ತಾನೇ, ಸಾದಿಲ್ವಾರಿನಲ್ಲಿ ಇಳಿಸಿಬಿಡಿ ಎಂದು ಅಧ್ಯಕ್ಷರು ಔದಾರ್ಯದಿಂದ ನುಡಿಯಲಾಗಿ, ಖಜಾಂಚಿಗಳು ಸನ್ಮಾನದ ಬಾಬ್ತನ್ನು ಪರಿಶೀಲಿಸಿ, ಐದು ಮೈಸೂರು ಪೇಟಗಳಲ್ಲಿ ಐದನೆಯದು ಅಧ್ಯಕ್ಷರದೇ ಎಂಬುದನ್ನು ಕಂಡುಹಿಡಿದು, ಅದನ್ನು ತೆಗೆದುಹಾಕಿದರು. ಖರ್ಚು 1,35,400ಕ್ಕೂ ಸಾದಿಲ್ವಾರು 13,540ಕ್ಕೂ ಇಳಿದು, 60 ರೂಪಾಯಿ ಉಳಿತಾಯವಾಯಿತು. ಅದನ್ನು ಅವರು ನೀಲಿ ಮಸಿಯಲ್ಲಿ ಬರೆದರು.

ಆದರೆ ಅವರ ಪ್ರತಿಭೆಯೆಲ್ಲ ಪ್ರಕಟವಾದದ್ದು ಪಟ್ಟಿಯ ಹಿಂಬದಿಯಲ್ಲಿ. ಮುಂಗಡ ಕೇಳುವವರೆಲ್ಲ ಕಾರ್ಯಕ್ರಮಕ್ಕೆ ಮೊದಲೇ ಕೇಳುವರು, ಪ್ರಾಯೋಜಕರ ಉಳಿದರ್ಧವಾದರೋ ಬ್ಯಾನರಿನ ಫೋಟೋ ತಲುಪಿದ ಮೇಲೆ ಬರುವುದು; ಕೊನೆಗೆ ಕೂಡಿ ಬರುವ ಲೆಕ್ಕವೂ ನಡುವೆ ಪೆಟ್ಟಿಗೆಯನ್ನು ಬರಿದುಮಾಡಬಲ್ಲುದು. ಅಲ್ಲದೆ ಸಾದಿಲ್ವಾರು ಇರುವುದು ಖರ್ಚು ಮಿತಿಮೀರಿದರೆ. ಜಮಾ ಬಾರದಿದ್ದರೆ ಅಲ್ಲ. ಆದಕಾರಣ ಅಕ್ಟೋಬರ್ 15ನ್ನು ಗಡುವಾಗಿಟ್ಟು, ಅಷ್ಟರೊಳಗೆ ಹಣ ಕೈಸೇರದಿದ್ದರೆ ಮೊದಲು ನೆನಪಿನ ಕಾಣಿಕೆ, ಅನಂತರ ದೀಪಾಲಂಕಾರ, ಅನಂತರ ವಾದ್ಯಗೋಷ್ಠಿ ಎಂದು, ಕೈಬಿಡಬೇಕಾದ ಬಾಬ್ತುಗಳನ್ನು ಕ್ರಮವಾಗಿ ಬರೆದಿಟ್ಟರು. ಚಿನ್ನದಂಗಡಿಯವರ ಕಾಗದಕ್ಕೂ ಒಂದು ಉತ್ತರ ಹೋಯಿತು: ಬ್ಯಾನರು ವೇದಿಕೆಯ ಬಲಗಡೆ, ಬರೆಸುವ ಖರ್ಚು ಅವರದು, ಹೆಸರಿನ ಘೋಷಣೆ ನಾಲ್ಕು ಸಲ, ಭಾಷಣ ಎರಡು ನಿಮಿಷ.

ಉತ್ಸವ ಸಾಂಗವಾಗಿ ನೆರವೇರಿತು. ಡಾಕ್ಟರು ಗಡುವಿನೊಳಗೆ 20,000 ಕೊಟ್ಟು, ಜೊತೆಗೆ ರಕ್ತದೊತ್ತಡ ನೋಡುವ ಮೇಜೊಂದನ್ನು ಹಾಕಿಸಿದರು. ಅಲ್ಲಿ ಮೊದಲು ಕುಳಿತವರು ಕಾರ್ಯದರ್ಶಿಗಳು. ಕಟ್ಟಡದವರು ಈಗಲೂ ನೋಡುತ್ತಿದ್ದಾರೆ. ಹಿಂದಿನ ರಾತ್ರಿಯ ಮಳೆ ಚಪ್ಪರವನ್ನೇನೂ ಮಾಡಲಾರದೆ, ಪಕ್ಕದ ಚರಂಡಿಯ ಮೂಲಕ ಬಂದು ಮೈದಾನವನ್ನು ಕೆಸರು ಮಾಡಿದ್ದರಿಂದ, ಇಬ್ಬರ ರುಜುವಿನ ಮೇಲೆ 4,500ಕ್ಕೆ ಜಲ್ಲಿಪುಡಿ ಹೊಡೆಸಬೇಕಾಯಿತು. ಚಿನ್ನದಂಗಡಿಯವರ ಎರಡು ನಿಮಿಷ ಇಪ್ಪತ್ತೆರಡಾಗಿ, ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕಾದ ನಿಯಮದ ದೆಸೆಯಿಂದ ಕೊನೆಯ ನೃತ್ಯವು ಅರ್ಧಕ್ಕೆ ಮುಗಿದರೂ, ದೀಪಗಳಿಗಾಗಿ ಜನರೇಟರು ಮತ್ತೊಂದು ಗಂಟೆ ಓಡಿ 1,300ನ್ನು ನುಂಗಿತು. ಸಾದಿಲ್ವಾರಿನಲ್ಲಿ 7,740 ಉಳಿಯಿತು.

ಲೆಕ್ಕ ಒಪ್ಪಿಸಿದ ದಿನ ಖಜಾಂಚಿಗಳಿಗೆ ಅಭಿನಂದನೆ ಸಂದೀತೆಂದು ನಾವು ಭಾವಿಸಿದ್ದರೆ, ಸದಸ್ಯರು ಉಳಿದ ಹಣವನ್ನು ಅಪರಾಧವೆಂಬಂತೆ ನೋಡಿ, ಮುಂದಿನ ವರ್ಷ ಸಾದಿಲ್ವಾರಿನ ಮೊತ್ತವನ್ನು ಮೊದಲೇ ಗಾಯಕರಿಗೆ ಮೀಸಲಿಡತಕ್ಕದ್ದೆಂದು ನಿರ್ಣಯ ಮಂಡಿಸಿದರು. ಖಜಾಂಚಿಗಳು ಒಂದಿಷ್ಟೂ ಕೆರಳದೆ ಅದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಂಡು ಹೇಳಿದರು: “ಆಗಬಹುದು. ಆದರೆ ಆಗ ಅದು ಖರ್ಚಿನ ಬಾಬ್ತಾಗುತ್ತೆ. ಅದರ ಮೇಲೂ ಶೇಕಡಾ 10 ಸಾದಿಲ್ವಾರು ಇಡಬೇಕಾಗುತ್ತೆ.”