ಏಣಿ ಭಾವಮೈದನ ಮನೆಯಲ್ಲಿದೆ

ಹೋದ ಭಾನುವಾರ ಬೆಳಿಗ್ಗೆ ನಾನು ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಒಂದು ತೆಂಗಿನಕಾಯಿ ಕೊಂಡೆ. ಬೇರೆ ಊರಿನಲ್ಲಾಗಿದ್ದರೆ ಇದು ಸುದ್ದಿಯಲ್ಲ. ನಮ್ಮದು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ದಾರಿಯ ಊರು. ಇಲ್ಲಿ ತೋಟ ಇರುವವನು ಕಾಯಿ ಕೊಳ್ಳುವುದನ್ನು ಕಂಡರೆ ಜನ ಮೊದಲು ಅವನ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ಅವನ ಸಾಲ ವಿಚಾರಿಸುತ್ತಾರೆ. ಅಂಗಡಿಯವನು ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿದ: “ಏನ್ ಸಾ, ತ್ವಾಟ ಮಾರ್ಬುಟ್ರಾ?”

ಮಾರಿರಲಿಲ್ಲ. ನಮ್ಮ ಅಟ್ಟದ ಮೇಲೆ ಆ ಹೊತ್ತಿಗೆ ಸಾವಿರ ಕಾಯಿ ಕೂತಿದ್ದವು. ಆದರೆ ಮನೆಗೆ ಬೀಗರು ಬಂದಿದ್ದರು, ಚಟ್ನಿಗೆ ಕಾಯಿ ಬೇಕಿತ್ತು, ಅಟ್ಟ ಹತ್ತುವ ಏಣಿ ನಮ್ಮ ಮನೆಯಲ್ಲಿರಲಿಲ್ಲ. ಅದು ಎದುರು ಬೀದಿಯ ನನ್ನ ಭಾವಮೈದನ ಮನೆಯಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು, ಕಾಯಂ ಆಗಿ ವಾಸವಾಗಿದೆ. ಹಾಗೆ ಇಡಿಸಿದವಳು ನನ್ನ ಹೆಂಡತಿ. ನಮ್ಮ ಮನೆಯ ಉಳಿತಾಯ ಯೋಜನೆ ಅಂದರೆ ಇಷ್ಟೇ, ಆ ಏಣಿ.

ಬ್ಯಾಂಕಿನಲ್ಲಿಟ್ಟು ನೋಡಿಲ್ಲವೇ ಎಂದರೆ, ನೋಡಿದ್ದೇವೆ. ಬ್ಯಾಂಕು ಈಗ ನನ್ನ ಶರ್ಟಿನ ಜೇಬಿನಲ್ಲೇ ಇದೆಯಲ್ಲ! ಚಿಕ್ಕನಾಯಕನಹಳ್ಳಿ ಸಂತೆಗೆ ಸೊಪ್ಪು ತರಲು ಹೋದವನು ಫೋನು ತೋರಿಸಿ ಬ್ಯಾಟರಿ ಸ್ಪ್ರೇಯರ್ ತಂದಿದ್ದೇನೆ. ಮನೆಯಲ್ಲಿ ಒಂದು ಇದೆ ಎಂಬುದು ದಾರಿಯಲ್ಲೇ ನೆನಪಾಯಿತು. ಎರಡಿದ್ದರೆ ಒಳ್ಳೆಯದು ಎಂಬ ವಾದವೂ ದಾರಿಯಲ್ಲೇ ತಯಾರಾಯಿತು. ವಾದ ಕೇಳಿದ ಮೇಲೆ ಇವಳು ಏನೂ ಅನ್ನಲಿಲ್ಲ. ಮುಂದಿನ ಕೀಳು ಬಂದಾಗ ಏಣಿಯನ್ನು ತಮ್ಮನ ಕೈಲಿ ಹೊರಿಸಿದಳು.

ಪದ್ಧತಿ ಹೀಗಿದೆ. ದೋಟಿಯವರು ಬಂದು ಕಿತ್ತ ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕುವುದು. ತಾನಾಗಿ ಬಿದ್ದ ಕಾಯಿ ಮಾತ್ರ ಅಡುಗೆಮನೆಗೆ. ಅಟ್ಟಕ್ಕೆ ಹೋದದ್ದು ಕೊಬ್ಬರಿಯಾಗಿಯೇ ಇಳಿಯಬೇಕು. ಮರ ಔದಾರ್ಯ ತೋರದ ದಿನ ನಾವು ಹುರಿಗಡಲೆ ಚಟ್ನಿ ತಿನ್ನುತ್ತೇವೆ. ಬೀಗರು ಬಂದ ದಿನ ನಾನು ಅಂಗಡಿಯಲ್ಲಿ ಮಾನ ಕಳೆದುಕೊಳ್ಳುತ್ತೇನೆ.

ಅಟ್ಟ ಇಷ್ಟು ಒಳ್ಳೆಯ ಹುಂಡಿಯಾದದ್ದು ಕಾಯಿಯ ಗುಣದಿಂದ. ನಮ್ಮ ಕಡೆಯ ಉಂಡೆ ಕೊಬ್ಬರಿಗೆ ಕಾಯನ್ನು ಒಡೆದು ಒಣಗಿಸುವುದಿಲ್ಲ. ಇಡೀ ಕಾಯಿ ಮಟ್ಟೆಯೊಳಗೆ, ಚಿಪ್ಪಿನೊಳಗೆ ತಾನೇ ಒಣಗಬೇಕು. ಅದಕ್ಕೆ ಎಂಟು ತಿಂಗಳಿಂದ ಒಂದು ವರ್ಷ ಬೇಕು. ಅಟ್ಟಕ್ಕೆ ಹಲಗೆ ಹೊಡೆಯದೆ ದಬ್ಬೆಗಳನ್ನು ಸಂದು ಬಿಟ್ಟು ಹಾಸಿರುವುದು ಕೆಳಗಿನಿಂದ ಗಾಳಿಯಾಡಲಿ ಎಂದು. ಮಳೆಗಾಲದಲ್ಲಿ ಆಗಾಗ ಕೆಳಗೆ ಸಣ್ಣಗೆ ಹೊಗೆ ಹಾಕುವವರೂ ಇದ್ದಾರೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗುತ್ತ ಕುಗ್ಗಿ, ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿ ಅಲ್ಲಾಡಿಸಿದರೆ ಗೊತ್ತಾಗುತ್ತದೆ. ಲೊಳಲೊಳ ಎಂದರೆ ಇನ್ನೂ ನೀರಿದೆ. ಏನೂ ಸದ್ದಿಲ್ಲದಿದ್ದರೆ ನೀರು ಇಂಗಿದೆ, ಆದರೆ ತಿರುಳು ಇನ್ನೂ ಚಿಪ್ಪಿಗೆ ಅಂಟಿದೆ. ಗಟಗಟ ಎಂದು ಗಟ್ಟಿ ಸದ್ದು ಬಂದರೆ ಉಂಡೆ ಬಿಟ್ಟುಕೊಂಡಿದೆ, ಸುಲಿಯಬಹುದು.

ಆ ನಡುವಿನ ಮೌನದ ತಿಂಗಳುಗಳೇ ನನ್ನಂಥವನಿಗೆ ಕಟ್ಟಿದ ಬೇಲಿ. ಆಗ ಒಡೆದರೆ ತಿರುಳು ಚಿಪ್ಪು ಬಿಡದೆ ಚೂರಾಗಿ ಬರುತ್ತದೆ, ಚೂರಿಗೆ ಉಂಡೆಯ ಬೆಲೆ ಸಿಕ್ಕುವುದಿಲ್ಲ. ತಿಪಟೂರಿನ ಉಂಡೆ ಉತ್ತರ ಭಾರತಕ್ಕೆ ಹೋಗುವುದು ಗಾಣಕ್ಕಲ್ಲ, ತಿನ್ನುವುದಕ್ಕೆ, ಪೂಜೆಗೆ. ಅಲ್ಲಿನವರಿಗೆ ಅದು ಮುಕ್ಕಾಗದೆ ಗುಂಡಗಿರಬೇಕು. ಅವಧಿಗೆ ಮೊದಲು ಮುರಿದರೆ ಎಫ್‌ಡಿಯಲ್ಲಿ ಬಡ್ಡಿ ಮಾತ್ರ ಕಡಿಮೆಯಾಗುತ್ತದೆ. ಅಟ್ಟದಲ್ಲಿ ಅಸಲಿಗೇ ಪೆಟ್ಟು.

ಹೀಗಿದ್ದೂ ನಾನು ಪ್ರಯತ್ನಿಸದೆ ಇರಲಿಲ್ಲ. ಒಂದು ಮಧ್ಯಾಹ್ನ ಇವಳು ತವರಿನ ಗೃಹಪ್ರವೇಶಕ್ಕೆ ಹೋಗಿದ್ದಾಗ ಎದುರು ಬೀದಿಗೆ ಹೋದೆ.

“ಏಣಿ ಬೇಕಿತ್ತಪ್ಪ.”

“ಯಾಕೆ ಭಾವ?”

“ಜೇಡರ ಬಲೆ ತೆಗೆಯೋಣ ಅಂತ.”

ಮದುವೆಯಾದಂದಿನಿಂದ ನಾನು ಪೊರಕೆ ಹಿಡಿದದ್ದನ್ನು ಕಂಡವರಿಲ್ಲ. ಅವನು ಗಂಭೀರವಾಗಿ ಒಳಗೆ ಹೋದ. ಏಣಿಯ ಬದಲು ಉದ್ದ ಕೋಲಿಗೆ ಕಟ್ಟಿದ ಪೊರಕೆ ತಂದುಕೊಟ್ಟ. ಅಷ್ಟಕ್ಕೇ ಬಿಡದೆ, ಕೆಲಸ ಹೇಗೆ ಸಾಗಿದೆ ಎಂದು ನೋಡಲು ಹಿಂದೆಯೇ ಬಂದು ಜಗಲಿಯಲ್ಲಿ ಕೂತ. ಆ ಮಧ್ಯಾಹ್ನ ನಮ್ಮ ಮನೆಯ ಜೇಡಗಳೆಲ್ಲ ನಿರಾಶ್ರಿತರಾದವು. ಸಂಜೆ ಬಂದ ಇವಳು ಮೇಲೆ ಕೆಳಗೆ ನೋಡಿ, “ಪರವಾಗಿಲ್ವೇ, ದೀಪಾವಳಿಗೂ ನೀವೇ ಮಾಡಿ” ಎಂದಳು.

ಲೆಕ್ಕವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಹೆಂಡತಿಯ ಮೇಲಿನ ದೂರಾಗುತ್ತದೆ. ಸಾವಿರ ಕಾಯಲ್ಲಿ ಐವತ್ತು ಹಾಳು ಎಂದು ಬಿಟ್ಟುಬಿಡಿ. ಕೀಳುವಾಗ ಬಿದ್ದ ಪೆಟ್ಟಿಗೆ ಚಿಪ್ಪು ಸೀಳಿದ್ದು ಒಳಗೇ ಕೊಳೆಯುತ್ತದೆ, ಅದನ್ನು ಮೂಗೇ ಪತ್ತೆ ಹಚ್ಚುತ್ತದೆ. ಹೆಂಚು ಸೋರುವ ಕಡೆ ಕೂತದ್ದು ಮೊಳಕೆಯೊಡೆಯುತ್ತದೆ. ಉಳಿದ 950ಕ್ಕೆ ಉಂಡೆಯೊಂದು ಸುಮಾರು 150 ಗ್ರಾಂ ಎಂದರೂ ಹೆಚ್ಚುಕಡಿಮೆ 142 ಕೆ.ಜಿ. ಕೊಬ್ಬರಿ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಹದಿನಾರೂವರೆ ಸಾವಿರದ ಮೇಲೆ ಸ್ವಲ್ಪ. ಆದರೆ ಆ ವರ್ಷ ತಿಪಟೂರಿನ ಮಾರುಕಟ್ಟೆ ಬೆಂಬಲ ಬೆಲೆಗಿಂತ ಕೆಳಗೇ ಮಲಗಿತ್ತು. ಅಟ್ಟವನ್ನು ನಂಬಿದವರೆಲ್ಲ ಆಗ ಸೂರು ನೋಡುತ್ತಾ ಕೂತಿದ್ದರು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲ್‌ಗೆ 20,000 ದಾಟಿತು. ಅಲ್ಲಿಗೆ ಅದೇ ಸಾವಿರ ಕಾಯಿ 28,000 ಮೀರಿತು. ಅಟ್ಟ ಬೆಲೆ ಏರಿಸುವುದಿಲ್ಲ, ಇಳಿಸುವುದೂ ಇಲ್ಲ. ನಮ್ಮ ಮನೆಯಲ್ಲಿ ಅದು ಮಾಡುವುದು ಒಂದೇ ಕೆಲಸ: ಕಾಯಿ ಸ್ಪ್ರೇಯರ್ ಆಗದಂತೆ ಒಂದು ವರ್ಷ ತಡೆಯುವುದು.

ಒಂದು ಮಾತು. ಮನೆಖರ್ಚು, ಔಷಧ, ಕೂಲಿ ಎಲ್ಲಕ್ಕೂ ಇದೇ ಅಟ್ಟ ಎಂದರೆ ಈ ವಿದ್ಯೆ ನಡೆಯುವುದಿಲ್ಲ. ತುರ್ತು ಬಂದವನು ಚೂರನ್ನಾದರೂ ಮಾರಲೇಬೇಕು. ಇವಳು ಪ್ರತಿ ಕೀಳಿನ ಹೆಚ್ಚು ಪಾಲನ್ನು ಹಸಿಗಾಯಿ ವ್ಯಾಪಾರಿಗೇ ಕೊಟ್ಟು ಆ ದುಡ್ಡಲ್ಲಿ ಮನೆ ನಡೆಸುತ್ತಾಳೆ, ಅಟ್ಟಕ್ಕೆ ಏರುವುದು ಉಳಿದದ್ದು. ದಬ್ಬೆಯ ಮೇಲೆ ಒಂದೊಂದು ಕೀಳಿಗೂ ಬೇರೆ ಬೇರೆ ಅಂಕಣ, ಪಕ್ಕದ ತೊಲೆಯ ಮೇಲೆ ಸೀಮೆಸುಣ್ಣದಲ್ಲಿ ತಿಂಗಳು. ಹಳೆಯದು ಮೊದಲು ಇಳಿಯಬೇಕು. ಹೊಸದನ್ನು ಅದರ ಮೇಲೆ ಸುರಿದರೆ ಅಡಿಯದು ಮರೆತುಹೋಗಿ ಕಮಟು ಬರುತ್ತದೆ, ಇಲಿಗಳಿಗೆ ಮಾತ್ರ ನೆನಪಿರುತ್ತದೆ.

ಕೊನೆಗೆ ಸುಲಿಯುವ ದಿನ ಏಣಿ ಬಂತು, ಭಾವಮೈದನ ಮೆರವಣಿಗೆಯಲ್ಲಿ. ನಾನು ಚೀಲ ಹಿಡಿದೆ, ಅವನು ಕಾಯಿ ಇಳಿಸಿದ, ಆಳು ಮಟ್ಟೆ ಸುಲಿದ, ಇವಳೂ ಅಕ್ಕಪಕ್ಕದ ಹೆಂಗಸರೂ ಕೂತು ಉಂಡೆಗೆ ಗಾಯವಾಗದಂತೆ ಚಿಪ್ಪು ಬಿಡಿಸಿದರು. ನನ್ನನ್ನು ಆ ಕೆಲಸಕ್ಕೆ ಕೂರಿಸಲಿಲ್ಲ, ನಾನು ಬಿಡಿಸಿದ್ದೆಲ್ಲ ಗಾಣಕ್ಕೇ ಹೋಗುತ್ತದೆ ಎಂದು ಹಿಂದೆಯೇ ತೀರ್ಮಾನವಾಗಿತ್ತು. ಮಟ್ಟೆ ನಮ್ಮ ಹಂಡೆ ಒಲೆಗೆ ಉಳಿಯಿತು, ಚಿಪ್ಪನ್ನು ಇದ್ದಿಲಿನವರು ತೂಕ ಹಾಕಿಕೊಂಡು ಹೋದರು.

ಮಾರಿದ ದುಡ್ಡಲ್ಲಿ ಮಗನ ಕಾಲೇಜಿನ ಫೀಸು ಕಟ್ಟಿ ಮಿಕ್ಕದ್ದನ್ನು ಇವಳು ಬ್ಯಾಂಕಿನಲ್ಲಿ ಎಫ್‌ಡಿ ಮಾಡಿಸಿದಳು. ಜೊತೆಗೆ ನಾನೂ ಹೋಗಿದ್ದೆ, ಪೆನ್ನು ನನ್ನದೇ. ಅರ್ಜಿಯಲ್ಲಿ ನಾಮಿನಿ ಎಂದಿದ್ದ ಕಡೆ ನನ್ನ ಹೆಸರು ಬರೆಯಲು ಕೈ ಎತ್ತಿದೆ. ಇವಳು ಪೆನ್ನು ಇಸಿದುಕೊಂಡು ಅಲ್ಲಿ ತಮ್ಮನ ಹೆಸರು ಬರೆದಳು.